ಕರಾರಿನಲ್ಲಿ ಒಂದು ಮೊತ್ತ, ಸ್ಟೇಟ್‌ಮೆಂಟ್‌ನಲ್ಲಿ ಇನ್ನೊಂದು: ಬಾಡಿಗೆ ಲೆಕ್ಕ ಹೊಂದಿಸುವುದು ಹೇಗೆ?

ಪ್ರಶ್ನೆ: ಕರಾರಿನಲ್ಲಿ ಬಾಡಿಗೆ 900. ನಾನು ಪ್ರತಿ ತಿಂಗಳು 980 ಕಳಿಸ್ತೀನಿ, ಅದರಲ್ಲಿ 80 ನಿರ್ವಹಣೆ ಖರ್ಚು. ಅಕ್ಟೋಬರ್‌ನಲ್ಲಿ ಏನೂ ಕಳಿಸಿಲ್ಲ, ನವೆಂಬರ್ 3ಕ್ಕೆ ಒಂದ್ಸಲ, 28ಕ್ಕೆ ಇನ್ನೊಂದ್ಸಲ ಹಾಕಿದೆ. ಹಣ ಹೋಗೋದು ಮಾಲೀಕರ ಹೆಂಡತಿಯ ಖಾತೆಗೆ. ಮನೆ ಬಾಡಿಗೆ ಭತ್ಯೆಯ ಅರ್ಜಿ "ತಾಳೆಯಾಗುತ್ತಿಲ್ಲ" ಅಂತ ವಾಪಸ್ ಬಂತು. ಏನು ಮಾಡಲಿ?

ಉತ್ತರ: ಪರಿಶೀಲಿಸುವವರ ಕಣ್ಣಿಗೆ ಬಿದ್ದಿರುವುದು ಇಷ್ಟೇ: ಒಂದು ತಿಂಗಳು ಬಾಡಿಗೆ ಇಲ್ಲ, ಇನ್ನೊಂದು ತಿಂಗಳು ಎರಡು ಪಟ್ಟು, ಮೊತ್ತ ಕರಾರಿಗಿಂತ ಜಾಸ್ತಿ, ಹೆಸರೂ ಬೇರೆ. ಅವರು ಹಣ ಹೋದ ದಿನಾಂಕ ನೋಡುತ್ತಾರೆ. ನೀವು ತೋರಿಸಬೇಕಾದದ್ದು ಆ ಹಣ ಯಾವ ತಿಂಗಳ ಬಾಡಿಗೆ ಎಂಬುದನ್ನು.

ಒಂದು ಹಾಳೆ ತಗೊಳ್ಳಿ. ಎಡಗಡೆ ಕರಾರಿನ ತಿಂಗಳುಗಳನ್ನು ಬರೆಯಿರಿ, ಪಕ್ಕದಲ್ಲಿ ಕರಾರಿನ ಬಾಡಿಗೆ, ಆಮೇಲೆ ಹಣ ಹೋದ ದಿನಾಂಕ, ಮೊತ್ತ, ಬ್ಯಾಂಕಿನ ವಹಿವಾಟು ಸಂಖ್ಯೆ. ಅಕ್ಟೋಬರ್ ಸಾಲಿನಲ್ಲಿ ನವೆಂಬರ್ 3ರ ಪಾವತಿ ಬರುತ್ತದೆ, ನವೆಂಬರ್ ಸಾಲಿನಲ್ಲಿ 28ರದ್ದು. ತಡವಾಗಿ ಕೊಟ್ಟಿದ್ದರೆ ತಡವಾಗಿದೆ ಅಂತಲೇ ಬರೆಯಿರಿ, ಮುಚ್ಚಿಡಬೇಡಿ. ಆಮೇಲೆ ಕೂಡಿಸಿ ನೋಡಿ. ಕರಾರು ಜೂನ್‌ನಲ್ಲಿ ಶುರುವಾಯಿತು ಅಂತ ಇಟ್ಟುಕೊಳ್ಳೋಣ. ಜೂನ್‌ನಿಂದ ನವೆಂಬರ್‌ವರೆಗೆ ಆರು ತಿಂಗಳ ಬಾಡಿಗೆ 5,400, ನಿರ್ವಹಣೆ 480, ಒಟ್ಟು 5,880. ಸ್ಟೇಟ್‌ಮೆಂಟ್‌ನಲ್ಲಿ 980ರ ಆರು ಪಾವತಿ, ಅದೂ 5,880. ತಾಳೆಯಾಯಿತು, ಅಲ್ವಾ?

ಆದರೆ ಅರ್ಜಿಯಲ್ಲಿ 980 ಅಂತ ಹಾಕಿದ್ದರೆ ಅದೇ ತೊಂದರೆ. ನಿರ್ವಹಣೆ ಖರ್ಚನ್ನು ಬಾಡಿಗೆ ಎಂದು ಲೆಕ್ಕಕ್ಕೆ ತಗೊಳ್ಳುವುದು ನಿಮ್ಮ ಭತ್ಯೆಯ ನಿಯಮಕ್ಕೆ ಬಿಟ್ಟದ್ದು. ಅದು ಖಚಿತವಾಗುವವರೆಗೆ 900 ಮಾತ್ರ ಕೇಳಿ, ಉಳಿದ 80 ಯಾವುದಕ್ಕೆ ಅಂತ ತೋರಿಸುವ ಕರಾರಿನ ಸಾಲು ಅಥವಾ ರಸೀದಿ ಲಗತ್ತಿಸಿ.

ಹೆಸರಿನ ವಿಷಯವೇ ನನಗೆ ಹೆಚ್ಚು ಚಿಂತೆಯದು, ಯಾಕೆಂದರೆ ಲೆಕ್ಕ ಎಷ್ಟೇ ಸರಿ ಇದ್ದರೂ ಅದು ಕರಾರಿನಲ್ಲಿ ಇಲ್ಲದ ಒಬ್ಬರಿಗೆ ಹೋದ ಹಣವಾಗಿಯೇ ಕಾಣುತ್ತದೆ. ಮಾಲೀಕರಿಂದ ಸಹಿ ಮಾಡಿದ ಪತ್ರ ತಗೊಳ್ಳಿ: ಈ ಮನೆಯ ಬಾಡಿಗೆ ನನ್ನ ಹೆಂಡತಿಯ ಇಂಥ ಖಾತೆಗೆ ಬರುತ್ತಿದೆ, ಈ ತಿಂಗಳುಗಳದ್ದು ಬಂದಿದೆ ಅಂತ. ಖಾತೆ ಸಂಖ್ಯೆಯ ಕೊನೆಯ ಅಂಕಿಗಳು ಸ್ಟೇಟ್‌ಮೆಂಟ್‌ನಲ್ಲಿ ಕಾಣುವುದಕ್ಕೆ ಹೊಂದಬೇಕು. ಪತ್ರಕ್ಕೆ ಇವತ್ತಿನ ದಿನಾಂಕವನ್ನೇ ಹಾಕಿಸಿ. ಹಳೇ ದಿನಾಂಕ ಹಾಕಿಸಿದರೆ ನಿಜವಾದ ಪಾವತಿಗಳನ್ನೂ ಅನುಮಾನದಿಂದ ನೋಡುತ್ತಾರೆ.

ಸ್ಟೇಟ್‌ಮೆಂಟ್ ಕತ್ತರಿಸಿ ಕೊಡಬೇಡಿ. ನಿಮ್ಮ ಹೆಸರು, ಖಾತೆ ಸಂಖ್ಯೆ ಇರುವ ಪುಟದಿಂದ ಹಿಡಿದು ಪೂರ್ತಿ ಪುಟಗಳನ್ನು ಕೊಟ್ಟು, ಬಾಡಿಗೆಯ ಸಾಲುಗಳಿಗೆ ಮಾತ್ರ ಗುರುತು ಹಾಕಿ. ಕರಾರಿನಲ್ಲಿ ಬಾಡಿಗೆ ಏರುವ ಷರತ್ತು ಇದೆಯಾ ಅಂತಲೂ ಒಮ್ಮೆ ನೋಡಿ, ಬ್ಯಾಂಕಿಗೆ ಕೊಟ್ಟ ತಾನಾಗಿ ಹೋಗುವ ಪಾವತಿ ಸೂಚನೆ ಹಳೇ ಮೊತ್ತದಲ್ಲೇ ಉಳಿದುಬಿಡುತ್ತದೆ. ಮುಂದಿನ ಸಲದಿಂದ ಹಣ ಕಳಿಸುವಾಗ ವಿವರದ ಜಾಗದಲ್ಲಿ "ಡಿಸೆಂಬರ್ ಬಾಡಿಗೆ" ಅಂತ ಬರೆಯಿರಿ, ನಿರ್ವಹಣೆಯ 80 ಬೇರೆಯಾಗಿ ಕಳಿಸಿ.