ಕ್ರೀಮ್ ಗೋಡೆಯ ಪುಟ್ಟ ಹಾಲ್‌ಗೆ ದೀಪಾವಳಿ ಬಣ್ಣ

"ನಮ್ಮ ಹಾಲ್ ಚಿಕ್ಕದು, ಗೋಡೆ ಕ್ರೀಮ್. ದೀಪಾವಳಿಗೆ ಪೂರ್ತಿ ಹಳದಿ, ಗೋಲ್ಡ್‌ನಲ್ಲೇ ಅಲಂಕಾರ ಮಾಡಿದರೆ ಚೆನ್ನಾಗಿರುತ್ತಾ?"

ಹಗಲಲ್ಲಿ ಚೆನ್ನಾಗಿರುತ್ತೆ, ರಾತ್ರಿ ಮಂಕಾಗುತ್ತೆ ಮೇಡಂ. ಕ್ರೀಮ್‌ನಲ್ಲೇ ಹಳದಿ ಇದೆ ಅಲ್ವಾ? ದೀಪದ ಬೆಳಕಿಗೆ ಗೋಡೆ ಇನ್ನಷ್ಟು ಹಳದಿಯಾಗಿ, ಹಳದಿ ಹೂವು ಅದರಲ್ಲೇ ಕರಗಿಹೋಗುತ್ತೆ. ಮೈಸೂರಿನ ನಮ್ಮ ಮನೆಯ ಹಾಲ್ 10 ಅಡಿಗೆ 12 ಅಡಿ. ಒಂದು ವರ್ಷ ದೇವರಾಜ ಮಾರುಕಟ್ಟೆಯಿಂದ ಹಳದಿ ಸೇವಂತಿಗೆ ತಂದು ಗೋಡೆ ತುಂಬಾ ಇಳಿಬಿಟ್ಟಿದ್ದೆ. ಸಂಜೆ ಲೈಟ್ ಹಾಕಿದರೆ ಹೂವೇ ಕಾಣಲಿಲ್ಲ.

ಈಗ ಒಂದೇ ಒಂದು ಗಾಢ ಬಣ್ಣ ಆರಿಸಿಕೊಳ್ಳುತ್ತೇನೆ. ನಮ್ಮದು ಮೆರೂನ್. ಅದನ್ನು ಕೆಳಗಡೆಯೇ ಇಡುತ್ತೇನೆ: ದಿವಾನ್ ಮೇಲೆ ಎರಡು ಕುಶನ್, ಟೀಪಾಯಿ ಮೇಲೊಂದು ಹಳೇ ರೇಷ್ಮೆ ಬಟ್ಟೆ. ಆ ಬಟ್ಟೆ ಮೇಲೆ ಹಿತ್ತಾಳೆ ದೀಪ, ಪಕ್ಕದಲ್ಲಿ ಸೇವಂತಿಗೆ ಇಟ್ಟರೆ ಅದೇ ಹಳದಿ ಎದ್ದು ಕಾಣುತ್ತೆ. ಬಾಗಿಲಿಗೆ ಮಾವಿನ ಸೊಪ್ಪಿನ ಹಸಿರು ಸಾಕು. ಪರದೆ ಮಾತ್ರ ಗಾಢ ಬೇಡ, ಕೋಣೆ ಇನ್ನೂ ಚಿಕ್ಕದಾಗಿ ಕಾಣುತ್ತೆ. ಗೋಡೆಗೆ ಹತ್ತಿರದ ತಿಳಿ ಬಣ್ಣವೇ ಇರಲಿ.

ಸೀರಿಯಲ್ ಲೈಟ್ ವಾರ್ಮ್ ವೈಟ್ ತಗೊಳ್ಳಿ. ನೀಲಿ ಛಾಯೆಯ ಬಿಳಿ ಬೆಳಕಿಗೆ ಕ್ರೀಮ್ ಗೋಡೆ ಕೊಳಕಾದ ಹಾಗೆ ಕಾಣುತ್ತೆ.

ಏನಾದರೂ ಕೊಳ್ಳುವ ಮುಂಚೆ ಮನೆಯಲ್ಲಿರೋ ಸೀರೆಗಳನ್ನೇ ರಾತ್ರಿ ಏಳು ಗಂಟೆಗೆ ಗೋಡೆಗೆ ಹಿಡಿದು, ಬಾಗಿಲ ಹತ್ತಿರ ನಿಂತು ನೋಡಿ. ಅಂಚು ಸ್ಪಷ್ಟವಾಗಿ ಕಂಡರೆ ಆ ಬಣ್ಣ ನಿಮ್ಮ ಹಾಲ್‌ಗೆ ಆಗುತ್ತೆ.