ಕ್ಯಾಸೆಟ್ಟಿನ ಎರಡನೆಯ ಬದಿ

‘ಮಾನ್ಯ ಸಂಪಾದಕರೇ, ನನ್ನ ಪತಿ ಸೌದಿ ಅರೇಬಿಯಾದ ದಮ್ಮಾಮಿನಲ್ಲಿದ್ದಾರೆ, ನಾನು ಇಲ್ಲಿ ಶಾಲಾ ಶಿಕ್ಷಕಿ. ಅವರಿಗೆ ಶುಕ್ರವಾರ ರಜೆ, ನನಗೆ ಭಾನುವಾರ. ದಿನಕ್ಕೆ ನಾಲ್ಕೈದು ಬಾರಿ ವಿಡಿಯೋ ಕರೆ ಬರುತ್ತದೆ, ಮನೆಯವರೆಲ್ಲ ಸುತ್ತ ಇರುತ್ತಾರೆ. ಎತ್ತದಿದ್ದರೆ “ಆನ್‌ಲೈನ್ ಇದ್ದೆಯಲ್ಲ, ಯಾರ ಜೊತೆ?” ಎಂದು ಜಗಳ. ಇಷ್ಟು ಮಾತಾಡಿಯೂ ನಂಬಿಕೆ ಏಕೆ ಕುಸಿಯುತ್ತಿದೆ?’
– ಓದುಗರೊಬ್ಬರು, ಕುಂದಾಪುರ

ಸಹೋದರಿ, ವಿಡಿಯೋ ಕರೆಯಿಂದ ಮಗು ತಂದೆಯ ಮುಖ ಮರೆಯದೆ ಬೆಳೆಯುತ್ತದೆ ಎಂಬುದನ್ನು ಒಪ್ಪುತ್ತೇನೆ. ಆದರೆ ನಿಮ್ಮ ನಾಲ್ಕೈದು ಕರೆಗಳಲ್ಲಿ ನಡೆಯುತ್ತಿರುವುದು ಮಾತಲ್ಲ, ಹಾಜರಿ. ಶಾಲೆಯಲ್ಲಿ ದಿನವೂ ಹಾಜರಿ ಕರೆಯುವ ನಿಮಗೆ ಇದು ಹೊಳೆಯದೆ ಹೋದದ್ದೇ ನನಗೆ ಆಶ್ಚರ್ಯ.

ಎಂಬತ್ತರ ದಶಕದಲ್ಲಿ ನನ್ನ ಚಿಕ್ಕಪ್ಪ ಕುವೈತಿನಲ್ಲಿದ್ದರು. ರಜೆ ಮುಗಿಸಿ ಹೊರಟವರ ಕೈಯಲ್ಲಿ ಚಿಕ್ಕಮ್ಮ ಕ್ಯಾಸೆಟ್ ಕಳಿಸುತ್ತಿದ್ದರು. ಮೊದಲ ಬದಿಯಲ್ಲಿ ಅಜ್ಜಿಯ ಕೆಮ್ಮು, ಮಕ್ಕಳ ಪದ್ಯ, ಬಾವಿಯ ರಾಟೆಯ ಕಿರುಗುಟ್ಟುವಿಕೆ ಎಲ್ಲವೂ ಇರುತ್ತಿದ್ದವು. ಎರಡನೆಯ ಬದಿಯನ್ನು ಮಾತ್ರ ಅವರು ಅಟ್ಟದ ಕೋಣೆಯಲ್ಲಿ, ಬಾಗಿಲಿಗೆ ಅಗುಳಿ ಹಾಕಿಕೊಂಡು ತುಂಬುತ್ತಿದ್ದರು. ಅದರಲ್ಲಿ ಏನಿತ್ತೆಂದು ಮನೆಯಲ್ಲಿ ಯಾರೂ ಕೇಳುತ್ತಿರಲಿಲ್ಲ. ನಿಮಗೆ ಇಲ್ಲದಿರುವುದು ಆ ಎರಡನೆಯ ಬದಿ.

ಜಿಯಾಂಗ್ ಮತ್ತು ಹ್ಯಾನ್‌ಕಾಕ್ ಎಂಬ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ 63 ಜೋಡಿಗಳಿಂದ ಒಂದು ವಾರ ದಿನಚರಿ ಬರೆಸಿದ್ದರು. ಹತ್ತಿರವಿದ್ದವರಿಗಿಂತ ದೂರವಿದ್ದವರು ಮಾತಾಡಿದ ಸಲಗಳು ಕಡಿಮೆ. ಆದರೆ ಮಾತಾಡಿದಾಗ ಮನಸ್ಸು ಬಿಚ್ಚಿದ್ದು ಹೆಚ್ಚು. ಅವರು ಪ್ರೇಮಿಗಳು, ಅತ್ತೆ-ಮಾವಂದಿರ ನಡುವೆ ಫೋನ್ ಹಿಡಿದವರಲ್ಲ ಎಂಬ ಅಂತರವಿದೆ, ನಿಜ. ದೂರವಿದ್ದವರು ಸಂಗಾತಿಯನ್ನು ಇದ್ದುದಕ್ಕಿಂತ ಚೆಂದವಾಗಿ ಕಲ್ಪಿಸಿಕೊಳ್ಳುತ್ತಾರೆ ಎಂದೂ ಆ ಅಧ್ಯಯನ ಹೇಳಿತ್ತು. ಹಾಗಾಗಿಯೇ ತರಗತಿಯಲ್ಲಿ ಬೇಸರವಾದದ್ದನ್ನು, ಸಾಲದ ಕಂತು ತಪ್ಪಿದ್ದನ್ನು ‘ಅವರಿಗೇಕೆ ಚಿಂತೆ’ ಎಂದು ಮುಚ್ಚಿಡಬೇಡಿ. ಮುಚ್ಚಿಟ್ಟದ್ದು ಮೂರನೆಯವರ ಬಾಯಿಂದ ತಿಳಿದ ದಿನ ಅನುಮಾನಕ್ಕೆ ಕಾರಣ ಸಿಗುತ್ತದೆ.

ಇನ್ನು ಸಮಯ. ದಮ್ಮಾಮ್ ನಮಗಿಂತ ಎರಡೂವರೆ ಗಂಟೆ ಹಿಂದಿದೆ. ಅವರು ಊಟ ಮುಗಿಸಿ ರಾತ್ರಿ ಒಂಬತ್ತಕ್ಕೆ ಕರೆ ಮಾಡಿದರೆ ನಿಮಗೆ ಹನ್ನೊಂದೂವರೆ. ನಿದ್ದೆಗಣ್ಣಿನ ‘ಹೂಂ’ ಅಲ್ಲಿ ತಾತ್ಸಾರವಾಗಿ ಕೇಳಿಸುತ್ತದೆ. ಶುಕ್ರವಾರ ಶಾಲೆ ಬಿಟ್ಟು ನೀವು ಐದು ಗಂಟೆಗೆ ಕೂತರೆ ಅವರಿಗೆ ಮಧ್ಯಾಹ್ನದ ಎರಡೂವರೆ. ನಮಾಜಿನ ಹೊತ್ತಿನ ಬಿಡುವು ಕಳೆದು, ಊಟವೂ ಆಗಿರುತ್ತದೆ. ವಾರದ ದೀರ್ಘ ಮಾತಿಗೆ ಆ ಒಂದು ಗಂಟೆಯನ್ನು, ಬಾಗಿಲು ಹಾಕಿಕೊಂಡು, ಮೀಸಲಿಡಿ. ಉಳಿದ ದಿನ ನಿಗದಿತ ಹೊತ್ತಿನ ಹತ್ತು ನಿಮಿಷ ಮತ್ತು ಬಿಡುವಿದ್ದಾಗ ಕೇಳಬಹುದಾದ ಒಂದು ಧ್ವನಿಸಂದೇಶ ಸಾಕು.

ವಾಟ್ಸ್ಯಾಪಿನ ‘ಲಾಸ್ಟ್ ಸೀನ್’, ‘ಆನ್‌ಲೈನ್’ ಎರಡನ್ನೂ ಇಬ್ಬರೂ ಒಪ್ಪಿ ಮುಚ್ಚಿಬಿಡಿ. ಮುಚ್ಚಿದವರಿಗೆ ಇತರರದ್ದೂ ಕಾಣುವುದಿಲ್ಲ. ನೀವು ಆನ್‌ಲೈನ್ ಇದ್ದದ್ದು ಶಾಲೆಯ ಗುಂಪಿನಲ್ಲೋ ಹಾಲಿನವನ ಲೆಕ್ಕದಲ್ಲೋ ಎಂದು ಆ ಗುರುತು ಹೇಳುವುದಿಲ್ಲ. ಇಷ್ಟಾದ ಮೇಲೂ ಪಾಸ್‌ವರ್ಡು ಕೊಡು, ಇರುವ ಜಾಗ ತೋರಿಸು ಎಂಬ ಒತ್ತಾಯ ಬಂದರೆ ಅದು ದೂರದ ದೋಷವಲ್ಲ, ಪಕ್ಕದಲ್ಲಿದ್ದರೂ ಬರುತ್ತಿತ್ತು.

ನಮ್ಮ ಮನೆಗಳ ಮೇಲೂ ನನಗೆ ಸಿಟ್ಟಿದೆ. ಕೊಲ್ಲಿಯಿಂದ ಬಂದ ಹಣವನ್ನು ಹತ್ತು ಜನ ಹಂಚಿಕೊಳ್ಳುತ್ತಾರೆ, ಸರಿ. ಗಂಡ-ಹೆಂಡಿರ ಮಾತನ್ನೂ ಸ್ಪೀಕರಿನಲ್ಲಿಟ್ಟು ಹಂಚಿಕೊಳ್ಳುವುದು ಯಾವ ನ್ಯಾಯ? ನಿಮ್ಮ ಅತ್ತೆಯವರಿಗೆ ಈ ಪುಟವನ್ನೇ ಓದಲು ಕೊಡಿ. ಪತಿಯವರಿಗೆ ಮಾತ್ರ ಇದನ್ನು ಜಗಳದ ರಾತ್ರಿ ಹೇಳಬೇಡಿ, ಶುಕ್ರವಾರದವರೆಗೆ ಕಾಯಿರಿ.

– ಸಂಪಾದಕ