ಶುಕ್ರ ನೀಚನಾದ ಮಾತ್ರಕ್ಕೆ ಪ್ರೀತಿ ಬತ್ತುವುದಿಲ್ಲ: ಒಂದು ಹಸ್ತಪ್ರತಿಗೆ ಸಂಪಾದಕರ ಉತ್ತರ

"ಸಂಪಾದಕರಿಗೆ ನಮಸ್ಕಾರ. 'ಜಾತಕದಲ್ಲಿ ಪ್ರೀತಿ ಎಷ್ಟು?' ಎಂಬ ಲೇಖನ ಕಳಿಸಿದ್ದೇನೆ. ಗ್ರಹಮೈತ್ರಿ ಕೋಷ್ಟಕ ಮತ್ತು ಶುಕ್ರಬಲ ಎರಡನ್ನೂ ಇಟ್ಟುಕೊಂಡು ಎರಡು ಉದಾಹರಣೆ ಕುಂಡಲಿ ಬಿಡಿಸಿದ್ದೇನೆ. ಪ್ರಕಟಿಸಲು ಯೋಗ್ಯವೇ? ಎಲ್ಲಿ ತಿದ್ದಬೇಕು? ದಾಕ್ಷಿಣ್ಯ ಬೇಡ, ನೇರವಾಗಿ ಹೇಳಿ."

ನಮಸ್ಕಾರ. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಭಾಷೆ ಚೆನ್ನಾಗಿದೆ, ಲೆಕ್ಕ ತಪ್ಪಿದೆ.

ನಿಮ್ಮ ಮೊದಲ ಕುಂಡಲಿಯಲ್ಲಿ ರವಿ ಮೇಷದಲ್ಲಿದ್ದಾನೆ, ಶುಕ್ರ ತುಲೆಯಲ್ಲಿ. ಇಬ್ಬರೂ ಎದುರುಬದುರಾಗಿ ನಿಂತು ದೃಷ್ಟಿಸುವುದರಿಂದ ದಾಂಪತ್ಯದಲ್ಲಿ ಜಟಾಪಟಿ ಎಂದು ಒಂದು ಪುಟ ಬರೆದಿದ್ದೀರಿ. ಆಕಾಶದಲ್ಲಿ ಇದು ನಡೆಯುವುದೇ ಇಲ್ಲ. ಶುಕ್ರನು ರವಿಯಿಂದ ಸುಮಾರು 47 ಡಿಗ್ರಿಗಿಂತ ದೂರ ಹೋಗುವುದಿಲ್ಲ. ಹಾಗಾಗಿ ಅವನು ರವಿಯ ಜೊತೆಯಲ್ಲೇ ಇರಬೇಕು, ಇಲ್ಲವೇ ರವಿಯಿಂದ 2, 3, 11, 12ನೇ ಮನೆಗಳಲ್ಲಿ ಒಂದರಲ್ಲಿರಬೇಕು. ಪಂಚಾಂಗ ನೋಡಿ ಅಭ್ಯಾಸವಿರುವ ಓದುಗ ಈ ಕುಂಡಲಿ ಕಂಡೊಡನೆ ಪುಟ ಮಡಚುತ್ತಾನೆ. ಅದನ್ನು ಪೂರ್ತಿ ತೆಗೆಯಿರಿ.

ಆದರೆ ಈ 47 ಡಿಗ್ರಿಯ ಮಿತಿಯೇ ನಿಮ್ಮ ಲೇಖನಕ್ಕೆ ಒಳ್ಳೆಯ ಆರಂಭವಾಗಬಲ್ಲದು. ನೀವು ಕೊಟ್ಟಿರುವುದು ನೈಸರ್ಗಿಕ ಮೈತ್ರಿಯ ಕೋಷ್ಟಕ ಮಾತ್ರ: ಶುಕ್ರನಿಗೆ ಬುಧ, ಶನಿ ಮಿತ್ರರು, ಕುಜ, ಗುರು ಸಮರು, ರವಿ, ಚಂದ್ರ ಶತ್ರುಗಳು. ಅದು ಸರಿ, ಆದರೆ ಅದು ಎಲ್ಲರ ಜಾತಕಕ್ಕೂ ಒಂದೇ. ಈ ಜಾತಕನ ಪ್ರೀತಿ ಆ ಜಾತಕನದಕ್ಕಿಂತ ಹೇಗೆ ಬೇರೆ ಎಂಬುದು ಅದರಿಂದ ತಿಳಿಯದು. ಅದಕ್ಕೆ ತಾತ್ಕಾಲಿಕ ಮೈತ್ರಿ ಸೇರಿಸಬೇಕು. ಒಂದು ಗ್ರಹದಿಂದ 2, 3, 4, 10, 11, 12ರಲ್ಲಿರುವವರು ಆ ಜಾತಕದ ಮಟ್ಟಿಗೆ ಮಿತ್ರರು. ಜೊತೆಯಲ್ಲಿರುವವರು ಮತ್ತು 5ರಿಂದ 9ರವರೆಗಿನ ಮನೆಗಳಲ್ಲಿರುವವರು ಶತ್ರುಗಳು. ಎರಡನ್ನೂ ಕೂಡಿಸಿದಾಗ ಪಂಚಧಾ ಮೈತ್ರಿ ಸಿಗುತ್ತದೆ. ಮಿತ್ರನೂ ಮಿತ್ರನೂ ಸೇರಿದರೆ ಅಧಿಮಿತ್ರ, ಮಿತ್ರ ಮತ್ತು ಶತ್ರು ಸೇರಿದರೆ ಸಮ, ಎರಡೂ ಕಡೆ ಶತ್ರುವಾದರೆ ಅಧಿಶತ್ರು. ನೈಸರ್ಗಿಕವಾಗಿ ಸಮನಾದವನು ತಾತ್ಕಾಲಿಕ ಹೇಗೋ ಹಾಗೆ ಮಿತ್ರನೋ ಶತ್ರುವೋ ಆಗುತ್ತಾನೆ.

ಈಗ ರವಿಯನ್ನು ಮತ್ತೆ ನೋಡಿ. ಅವನು ಶುಕ್ರನಿಗೆ ಹುಟ್ಟುಶತ್ರು. ಬೇರೆ ರಾಶಿಯಲ್ಲಿದ್ದರೆ ತಾತ್ಕಾಲಿಕ ಮಿತ್ರನಾಗಿ ಒಟ್ಟಿಗೆ ಸಮ, ಒಂದೇ ರಾಶಿಯಲ್ಲಿದ್ದರೆ ಅಧಿಶತ್ರು. ಯಾವ ಜಾತಕದಲ್ಲೂ ಮೂರನೆಯದು ಇಲ್ಲ. ಬುಧನದು ಇನ್ನೂ ಸ್ವಾರಸ್ಯ. ಅವನೂ ರವಿಯ ಸುತ್ತಮುತ್ತಲೇ ಇರುವುದರಿಂದ ಶುಕ್ರನಿಗೆ ಒಂದೋ ಅಧಿಮಿತ್ರ, ಇಲ್ಲವೇ ಜೊತೆಯಲ್ಲಿ ಕೂತಾಗ ಬರೀ ಸಮ. ನೀವು ಬುಧ-ಶುಕ್ರ ಯುತಿಯನ್ನು "ಸ್ನೇಹದ ಪರಾಕಾಷ್ಠೆ" ಎಂದಿದ್ದೀರಿ. ಯುತಿಗೆ ಬೇರೆ ಶುಭಫಲ ಹೇಳಬಹುದು, ಆದರೆ ಮೈತ್ರಿಯ ಲೆಕ್ಕದಲ್ಲಿ ಪಕ್ಕದ ಮನೆಯ ಬುಧನೇ ಹೆಚ್ಚು ಆಪ್ತ.

ಅಸ್ತಂಗತದ, ಅಂದರೆ ಗ್ರಹ ರವಿಗೆ ತೀರ ಹತ್ತಿರವಾಗಿ ಮರೆಯಾಗುವುದರ, ಮಾತು ಬಂದಾಗ ಇನ್ನೊಂದು ಎಚ್ಚರ. ಅದನ್ನು ರಾಶಿ ನೋಡಿ ಹೇಳಬೇಡಿ, ಡಿಗ್ರಿ ನೋಡಿ. ಶುಕ್ರನಿಗೆ ರವಿಯಿಂದ 10 ಡಿಗ್ರಿಯೊಳಗೆ, ವಕ್ರಿಯಾದಾಗ 8ರೊಳಗೆ. ಶುಕ್ರ ಸಿಂಹದ 29ರಲ್ಲಿ, ರವಿ ಕನ್ಯೆಯ 1ರಲ್ಲಿ ಇದ್ದರೆ ರಾಶಿ ಬೇರೆ, ತಾತ್ಕಾಲಿಕವಾಗಿ ಮಿತ್ರ, ಆದರೂ ಶುಕ್ರ ಅಸ್ತ.

ನಿಮ್ಮ ಎರಡನೇ ಕುಂಡಲಿ ಮಾತ್ರ ಉಳಿಸಿಕೊಳ್ಳಲು ತಕ್ಕದ್ದು. ಮಿಥುನ ಲಗ್ನ. ಕರ್ಕಾಟಕದಲ್ಲಿ ಗುರು. ಸಿಂಹದ 8ರಲ್ಲಿ ರವಿ, 25ರಲ್ಲಿ ಬುಧ. ಕನ್ಯೆಯ 9ರಲ್ಲಿ ಶುಕ್ರ. ಇದಕ್ಕೆ ನೀವು ಬರೆದ ಫಲ ಒಂದೇ ಸಾಲು: "ಶುಕ್ರ ನೀಚ, ಈ ಜಾತಕನಲ್ಲಿ ಪ್ರೀತಿ ಇರದು." ಇದು ಅವಸರದ ತೀರ್ಪು.

ಉಚ್ಚಬಲದಲ್ಲಿ ಶುಕ್ರ ಸೋತಿದ್ದಾನೆ, ಒಪ್ಪೋಣ. ಅವನ ಪರಮನೀಚ ಕನ್ಯೆಯ 27. ಅಲ್ಲಿಂದ 18 ಡಿಗ್ರಿ ದೂರ, ಮೂರರಿಂದ ಭಾಗಿಸಿದರೆ 60ಕ್ಕೆ ಬರೀ 6 ಷಷ್ಟ್ಯಂಶ. ಆದರೆ ಆರು ಬಗೆಯ ಬಲ ಕೂಡುವ ಷಡ್ಬಲದ ಲೆಕ್ಕ ಅಲ್ಲಿಗೆ ಮುಗಿಯುವುದಿಲ್ಲ. ಶುಕ್ರನಿಗೆ ದಿಗ್ಬಲ ನಾಲ್ಕನೇ ಮನೆಯಲ್ಲಿ, ಇಲ್ಲಿ ಅವನಿರುವುದೂ ಅಲ್ಲೇ. ನಾಲ್ಕನೇ ಭಾವಮಧ್ಯ ಕನ್ಯೆಯ 12ಕ್ಕೆ ಬಿದ್ದರೆ, ಹತ್ತನೇ ಭಾವಮಧ್ಯದಿಂದ ಅವನ ದೂರ 177 ಡಿಗ್ರಿ, ಅದನ್ನೂ ಮೂರರಿಂದ ಭಾಗಿಸಿದರೆ ದಿಗ್ಬಲ 59. ಒಂದು ಕಡೆ 6, ಇನ್ನೊಂದು ಕಡೆ 59. ಮೊದಲನೆಯದನ್ನಷ್ಟೇ ಓದಿ ತೀರ್ಪು ಕೊಟ್ಟದ್ದು ನಿಮ್ಮ ಲೇಖನದ ದೊಡ್ಡ ದೋಷ.

ಇನ್ನು ಮೈತ್ರಿ ಮತ್ತು ಬಲ ಕೂಡುವ ಜಾಗಕ್ಕೆ ಬನ್ನಿ. ನೀವು ಎರಡನ್ನೂ ಬೇರೆ ಬೇರೆ ಅಧ್ಯಾಯ ಮಾಡಿದ್ದೀರಿ, ಆದರೆ ರಾಶಿ, ನವಾಂಶ ಮೊದಲಾದ ಏಳು ವರ್ಗಗಳಿಂದ ಬರುವ ಸಪ್ತವರ್ಗಜ ಬಲದಲ್ಲಿ ಮೈತ್ರಿಯೇ ಅಂಕವಾಗುತ್ತದೆ. ಅಧಿಮಿತ್ರನ ಮನೆಯಲ್ಲಿದ್ದರೆ 22.5, ಮಿತ್ರನಲ್ಲಿ 15, ಸಮನಲ್ಲಿ 7.5, ಶತ್ರುವಿನಲ್ಲಿ 3.75, ಅಧಿಶತ್ರುವಿನಲ್ಲಿ 1.875. ಶುಕ್ರನಿರುವುದು ಬುಧನ ಮನೆಯಲ್ಲಿ, ಬುಧ ಅವನಿಂದ 12ರಲ್ಲಿ, ಹಾಗಾಗಿ ಅಧಿಮಿತ್ರ. ರಾಶಿಗೆ 22.5 ಸಿಕ್ಕಿತು. ಇದೇ ಬುಧ ಕನ್ಯೆಗೆ ಬಂದು ಶುಕ್ರನ ಜೊತೆ ಕೂತಿದ್ದರೆ ಅದು 7.5ಕ್ಕೆ ಇಳಿಯುತ್ತಿತ್ತು. ನವಾಂಶದಲ್ಲಿ ಕನ್ಯೆಯ 9 ಡಿಗ್ರಿ ಮೀನಕ್ಕೆ ಹೋಗುತ್ತದೆ, ಅಂದರೆ ಶುಕ್ರನ ಉಚ್ಚರಾಶಿಗೆ. ಅದನ್ನು ನೀವು ಗಮನಿಸಿಯೇ ಇಲ್ಲ! ಮೀನಾಧಿಪ ಗುರು ಶುಕ್ರನಿಗೆ ನೈಸರ್ಗಿಕವಾಗಿ ಸಮ, 11ರಲ್ಲಿರುವುದರಿಂದ ಮಿತ್ರ, ಹಾಗಾಗಿ ಇನ್ನೊಂದು 15. ಉಳಿದ ಐದು ವರ್ಗಗಳನ್ನೂ ಹೀಗೇ ಕಟ್ಟಿ, ಉಳಿದ ಬಲಗಳನ್ನು ಸೇರಿಸಿ, ಒಟ್ಟು 330 ಷಷ್ಟ್ಯಂಶ, ಅಂದರೆ 5.5 ರೂಪ, ದಾಟಿತೇ ನೋಡಿ. ಶುಕ್ರನಿಗೆ ಬೇಕಾದ ಕನಿಷ್ಠ ಅಷ್ಟು. ನೈಸರ್ಗಿಕ ಬಲದ 42.86 ಮೊತ್ತಕ್ಕೆ ಸೇರಲಿ, ಆದರೆ ಅದನ್ನು "ಈ ಜಾತಕದ ವಿಶೇಷ" ಎಂದು ಬರೆಯಬೇಡಿ. ಅದು ಪ್ರತಿಯೊಬ್ಬರಿಗೂ ಅಷ್ಟೇ.

ಬಲ ಎಷ್ಟು ಎಂಬುದು ಪಾತ್ರೆಯ ಅಳತೆ. ಅದರಲ್ಲಿರುವುದು ಯಾವ ಕಡೆ ಹರಿಯುತ್ತದೆ ಎಂಬುದಕ್ಕೆ ಮೈತ್ರಿಯನ್ನು ಎರಡೂ ಕಡೆಯಿಂದ ಓದಬೇಕು. ನಿಮ್ಮ ಕೋಷ್ಟಕ ಓದುವ ರೀತಿ ಒಮ್ಮುಖ. ಈ ಜಾತಕದಲ್ಲಿ ಸಂಗಾತಿಯ ಮನೆಯಾದ ಏಳನೆಯದರ ಅಧಿಪತಿ ಗುರು. ಶುಕ್ರನ ಕಡೆಯಿಂದ ಗುರು ಮಿತ್ರ ಎಂದು ಮೇಲೆ ನೋಡಿದೆವು. ಗುರುವಿನ ಕಡೆಯಿಂದ ಶುಕ್ರ ಹುಟ್ಟುಶತ್ರು, 3ರಲ್ಲಿರುವುದರಿಂದ ತಾತ್ಕಾಲಿಕ ಮಿತ್ರ, ಒಟ್ಟು ಸಮ. ಅಂದರೆ ಈತ ಅಕ್ಕರೆಯನ್ನು ಸಲೀಸಾಗಿ ಕೊಡುತ್ತಾನೆ, ಸಂಗಾತಿಯಿಂದ ಬರುವುದು ಅಳೆದು ಸುರಿದಂತೆ ಇರಬಹುದು. ಲಗ್ನಾಧಿಪ ಬುಧನಿಗೂ ಶುಕ್ರನಿಗೂ ಮಾತ್ರ ಎರಡೂ ಕಡೆಯಿಂದ ಅಧಿಮೈತ್ರಿ, ಹಾಗಾಗಿ ಪ್ರೀತಿ ಇವನ ಸ್ವಭಾವಕ್ಕೆ ಹೊರಗಿನದಲ್ಲ. ನೀಚ ಶುಕ್ರನ ಗುರುತು ಇದ್ದರೆ ಅದು ತೋರಿಸುವ ರೀತಿಯಲ್ಲಿ: ಕನ್ಯೆಯಲ್ಲಿ ಅಕ್ಕರೆಯೂ ತಪ್ಪು ಹುಡುಕುತ್ತ, ಲೆಕ್ಕ ಇಡುತ್ತ ಬರುತ್ತದೆ. ನಿಮ್ಮ ಒಂದು ಸಾಲಿನ ಜಾಗದಲ್ಲಿ ಈ ಪ್ಯಾರಾ ಬರಬೇಕಿತ್ತು.

ಕೊನೆಯ ಭಾಗದಲ್ಲಿ ಇದನ್ನೆಲ್ಲ ಗುಣಮೇಳನಕ್ಕೆ ತಳಕು ಹಾಕಿದ್ದೀರಿ. ಅದನ್ನು ಬಿಡಿ. 36 ಗುಣಗಳಲ್ಲಿ ಗ್ರಹಮೈತ್ರಿಗೆ ಇರುವ 5 ಗುಣ ವಧೂವರರ ಚಂದ್ರರಾಶಿಗಳ ಅಧಿಪತಿಗಳನ್ನು ನೈಸರ್ಗಿಕ ಕೋಷ್ಟಕದಲ್ಲಿಟ್ಟು ನೋಡುವಂಥದ್ದು. ಅಲ್ಲಿ ಶುಕ್ರಬಲದ ಮಾತೇ ಇಲ್ಲ. "ನೀಚ ಶುಕ್ರನಿರುವ ಹೆಣ್ಣನ್ನು ತರಬೇಡಿ" ಎಂಬ ವಾಕ್ಯವನ್ನಂತೂ ನಾವು ಅಚ್ಚು ಹಾಕುವುದಿಲ್ಲ. ನಿಮ್ಮದೇ ಉದಾಹರಣೆ ಅದನ್ನು ಸುಳ್ಳು ಮಾಡುತ್ತಿದೆ, ಆ ವಾಕ್ಯ ನಂಬಿ ಒಂದು ಮನೆಯವರು ಸಂಬಂಧ ಬಿಟ್ಟರೆ ಅದರ ಹೊಣೆ ಪತ್ರಿಕೆಯ ಮೇಲೂ ಬರುತ್ತದೆ.

ಮತ್ತೆ ಕಳಿಸುವಾಗ ಒಂದೇ ಕುಂಡಲಿ ಇರಲಿ. ಅದರ ಕೆಳಗೆ ಏಳೂ ಗ್ರಹಗಳ ಡಿಗ್ರಿ, ಬಳಸಿದ ಅಯನಾಂಶ ಮತ್ತು ಶುಕ್ರನ ಪಂಚಧಾ ಮೈತ್ರಿಯನ್ನು ಎರಡೂ ದಿಕ್ಕಿನಲ್ಲಿ ಬರೆದ ಪಟ್ಟಿ ಕೊಡಿ. ಅಂಕಗಳನ್ನು ನಾವು ಇಲ್ಲಿ ಕೂಡಿ ನೋಡುತ್ತೇವೆ.